ಬೆರಳೆತ್ತುವ ಮೊದಲೇ

ಮೇಲ್‌ ಪಟ್ಟಿಯ ಒಂದು ಸಾಲನ್ನು ಹೆಬ್ಬೆರಳಿನಿಂದ ಎಡಕ್ಕೆ ಎಳೆದರೆ ಆ ಸಾಲು ಬೆರಳಿನ ಜೊತೆಗೇ ಜಾರುತ್ತದೆ. ಅಡಿಯಿಂದ ಕೆಂಪು ಬಣ್ಣ, ಕಸದ ಬುಟ್ಟಿಯ ಚಿತ್ರ ಇಣುಕುತ್ತವೆ. ಇನ್ನಷ್ಟು ಎಳೆದು ಬೆರಳೆತ್ತಿದರೆ ಮೇಲ್‌ ಮಾಯ.

2007ರ ಮೊದಲ ಐಫೋನ್‌ನಲ್ಲಿ ಇಷ್ಟು ಧೈರ್ಯ ಇರಲಿಲ್ಲ. ಅಲ್ಲಿ ಸ್ವೈಪ್‌ ಮಾಡಿದಾಗ ಡಿಲೀಟ್‌ ಬಟನ್‌ ಕಾಣಿಸುತ್ತಿತ್ತು, ಅದನ್ನು ಮತ್ತೆ ಒತ್ತಬೇಕಿತ್ತು. 2013ರಲ್ಲಿ ಬಂದ ‘ಮೇಲ್‌ಬಾಕ್ಸ್‌’ ಎಂಬ ಆ್ಯಪ್‌ ಬಟನ್ನನ್ನೇ ಕೈಬಿಟ್ಟಿತು. ಬಲಕ್ಕೆ ಸ್ವಲ್ಪ ಎಳೆದರೆ ಆರ್ಕೈವ್‌, ಅದೇ ದಿಕ್ಕಿನಲ್ಲಿ ಇನ್ನೂ ದೂರ ಎಳೆದರೆ ಡಿಲೀಟ್‌. ಹೀಗೆ ದೂರಕ್ಕೇ ಅರ್ಥ ಬಂದಾಗ, ಎಲ್ಲಿಯವರೆಗೆ ಎಳೆದರೆ ಸಾಕು ಎಂಬುದು ಬೆರಳಿಗೆ ಗೊತ್ತಾಗಲೇಬೇಕು.

ಅದಕ್ಕೂ ಮೊದಲು, ಬೆರಳು ಪಟ್ಟಿಯನ್ನು ಮೇಲೆ ಕೆಳಗೆ ಉರುಳಿಸುತ್ತಿದೆಯೋ ಸಾಲನ್ನು ಪಕ್ಕಕ್ಕೆ ಎಳೆಯುತ್ತಿದೆಯೋ ಎಂದು ಫೋನ್‌ ತಿಳಿಯಬೇಕು. ಆಂಡ್ರಾಯ್ಡ್‌ನಲ್ಲಿ ಬೆರಳು ಸಾಮಾನ್ಯವಾಗಿ 8 dp, ಅಂದರೆ ಸುಮಾರು ಒಂದೂಕಾಲು ಮಿಲಿಮೀಟರ್‌ ಸರಿಯುವವರೆಗೆ ಅದನ್ನು ಬರೀ ಸ್ಪರ್ಶವೆಂದೇ ಎಣಿಸಲಾಗುತ್ತದೆ. dp ಎಂದರೆ ಪರದೆಯ ಮೇಲಿನ ಅಳತೆ. ಸುಮಾರು 160 dp ಸೇರಿದರೆ ಒಂದು ಇಂಚು. ಅದರಾಚೆ ಬೆರಳು ಅಡ್ಡಕ್ಕೆ ಹೆಚ್ಚು ಸರಿದಿದ್ದರೆ ಮಾತ್ರ ಸಾಲು ಜಾರಲು ಶುರುವಾಗುತ್ತದೆ.

ಈಗ 360 dp ಅಗಲದ ಪರದೆಯನ್ನು ತೆಗೆದುಕೊಳ್ಳೋಣ. ಆಂಡ್ರಾಯ್ಡ್‌ ಒದಗಿಸುವ ಸಿದ್ಧ ವ್ಯವಸ್ಥೆಯಲ್ಲಿ ಸಾಲು ತನ್ನ ಅಗಲದ ಅರ್ಧ, ಅಂದರೆ 180 dp ದಾಟಿದಾಗ ಬೆರಳೆತ್ತಿದರೆ ಅದು ಅಳಿಯುತ್ತದೆ. ದಾಟದಿದ್ದರೆ ಸ್ವಸ್ಥಾನಕ್ಕೆ ಮರಳುತ್ತದೆ. ಕಂಪನಕ್ಕೆ ಸರಿಯಾದ ಜಾಗ ಈ ಗಡಿಯೇ. ಹಲವು ಆ್ಯಪ್‌ಗಳಲ್ಲಿ ಬೆರಳೆತ್ತಿ ಮೇಲ್‌ ಹೋದ ಮೇಲೆ ಫೋನ್‌ ನಡುಗುತ್ತದೆ. ಆಗಿಹೋದದ್ದನ್ನು ತಿಳಿಸಿ ಪ್ರಯೋಜನ ಕಡಿಮೆ. ಗಡಿ ದಾಟಿದ ಕ್ಷಣದಲ್ಲೇ ‘ಟಕ್‌’ ಎಂದರೆ ಬೆರಳು ಇನ್ನೂ ಪರದೆಯ ಮೇಲಿರುತ್ತದೆ, ಮನಸ್ಸು ಬದಲಾದರೆ ಹಿಂದಕ್ಕೆ ಎಳೆಯಬಹುದು. ಹಾಗೆ ಹಿಂದೆ ಬರುವಾಗ ಇನ್ನೊಂದು ಹಗುರ ಕಂಪನ, ಅಪಾಯ ತಪ್ಪಿತೆಂದು ಹೇಳುತ್ತದೆ. ಆಂಡ್ರಾಯ್ಡ್‌ 14ರಲ್ಲಿ ಇವೆರಡಕ್ಕೂ `GESTURE_THRESHOLD_ACTIVATE`, `GESTURE_THRESHOLD_DEACTIVATE` ಎಂಬ ಬೇರೆ ಬೇರೆ ಕಂಪನಗಳೇ ಇವೆ.

ಆದರೆ ಬೆರಳು ಎಂದೂ ಪೂರ್ತಿ ಸ್ಥಿರವಾಗಿರುವುದಿಲ್ಲ. 180ರ ಆಸುಪಾಸಿನಲ್ಲಿ ಅದು ತುಸು ಅಲುಗಿದರೂ ಫೋನ್‌ ಟಕಟಕನೆ ಬಡಿದುಕೊಳ್ಳುತ್ತದೆ. ಗಡಿಯಲ್ಲಿ ಬೆರಳು ತಡೆದು ಹಿಡಿದರೆ ಈ ದೋಷ ತಕ್ಷಣ ಬಯಲಾಗುತ್ತದೆ. ಪರಿಹಾರ ಸರಳ: ಹೋಗುವ ಗಡಿ 180 ಆದರೆ ಮರಳುವ ಗಡಿಯನ್ನು 160ಕ್ಕೆ ಇಡುವುದು. ನಡುವಿನ 20 dpಯಲ್ಲಿ ಬೆರಳು ಎಷ್ಟು ನಡುಗಿದರೂ ಫೋನ್‌ ಸುಮ್ಮನಿರುತ್ತದೆ.

ಕಂಪನ ಎಷ್ಟು ಚುರುಕಾಗಿರುತ್ತದೆ ಎಂಬುದು ಒಳಗಿನ ಮೋಟಾರಿಗೆ ಬಿಟ್ಟದ್ದು. ಅಗ್ಗದ ಫೋನುಗಳಲ್ಲಿ ಒಂದೇ ಕಡೆ ಭಾರವಿರುವ ಪುಟ್ಟ ಚಕ್ರ ತಿರುಗುತ್ತದೆ. ಅದು ವೇಗ ಪಡೆಯಲೂ ನಿಲ್ಲಲೂ ಹೊತ್ತು ಬೇಕು. ಬೇಗ ಸ್ವೈಪ್‌ ಮಾಡಿದವರಿಗೆ ಕಂಪನ ತಲುಪುವ ಹೊತ್ತಿಗೆ ಬೆರಳು ಎತ್ತಿ ಆಗಿರುತ್ತದೆ. ಭಾರವನ್ನು ನೇರ ಗೆರೆಯಲ್ಲಿ ಹಿಂದೆ ಮುಂದೆ ಅಲುಗಿಸುವ ಮೋಟಾರುಗಳು ಚುಟುಕು ಬಡಿತ ಕೊಡಬಲ್ಲವು. ಆ್ಯಪಲ್‌ 2015ರ ಐಫೋನ್‌ 6ಎಸ್‌ನಲ್ಲಿ ಅಂಥದ್ದನ್ನು ಅಳವಡಿಸಿತು. ಹಳೆಯ ಬಗೆಯ ಮೋಟಾರಿನಲ್ಲಿ ಗುಂಯ್‌ಗುಡುವ ಕಂಪನಕ್ಕಿಂತ ಕಂಪನವೇ ಇಲ್ಲದಿರುವುದು ಮೇಲು. ಅಲ್ಲಿ ಗಡಿ ದಾಟಿದಾಗ ಕೆಂಪು ಗಾಢವಾಗಿ, ಬುಟ್ಟಿಯ ಚಿತ್ರ ದೊಡ್ಡದಾದರೆ ಸಾಕು.

ಇಷ್ಟಾದರೂ ಕೈತಪ್ಪುತ್ತದೆ. ‘ಖಂಡಿತ ಅಳಿಸಬೇಕೆ?’ ಎಂದು ಪ್ರತಿ ಸಲ ಕೇಳಿದರೆ ಜನ ಓದದೆಯೇ ‘ಹೌದು’ ಒತ್ತುತ್ತಾರೆ. ಎಚ್ಚರಿಸುವ ಬದಲು ಅನ್‌ಡು ಕೊಡಿ ಎಂದು ವಿನ್ಯಾಸಕಾರ ಏಜಾ ರಾಸ್ಕಿನ್‌ 2007ರಲ್ಲೇ ವಾದಿಸಿದ್ದರು. ಅದಕ್ಕಾಗಿಯೇ ಸಾಲು ಹೋದ ಕೂಡಲೇ ಕೆಳಗೆ ಅನ್‌ಡು ಇರುವ ಪಟ್ಟಿಯೊಂದು ಮೂಡುತ್ತದೆ. ಆಂಡ್ರಾಯ್ಡ್‌ನ ಸಿದ್ಧ ಪಟ್ಟಿಗೆ ‘ದೀರ್ಘ’ ಎಂದು ಹೇಳಿದರೂ ಅದು ನಿಲ್ಲುವುದು ಮೂರು ಸೆಕೆಂಡಿಗೂ ಕಡಿಮೆ. ತಪ್ಪಾಯಿತೆಂದು ಅರಿತು, ಪಟ್ಟಿ ಓದಿ, ಬೆರಳನ್ನು ಅಲ್ಲಿಗೆ ಒಯ್ಯಲು ಇದು ಸಾಲದು. ಜಿಮೇಲ್‌ ಕಳಿಸಿದ ಮೇಲನ್ನು ತಡೆಯಲು 5ರಿಂದ 30 ಸೆಕೆಂಡ್‌ವರೆಗೆ ಆಯ್ಕೆ ಕೊಡುತ್ತದೆ.

ಒಂದರ ಹಿಂದೆ ಒಂದು ಎರಡು ಮೇಲ್‌ ಅಳಿಸಿದಾಗ ಇನ್ನೊಂದು ತೊಡಕು. ಎರಡನೆಯ ಪಟ್ಟಿ ಮೊದಲನೆಯದನ್ನು ತಳ್ಳಿಬಿಟ್ಟರೆ ಮೊದಲ ಮೇಲ್‌ ಮರಳುವ ದಾರಿ ಮುಚ್ಚುತ್ತದೆ. ‘2 ಮೇಲ್‌ ಅಳಿಸಲಾಗಿದೆ’ ಎಂದು ಒಟ್ಟು ಮಾಡಿ, ಅನ್‌ಡು ಒತ್ತಿದಾಗ ಎರಡನ್ನೂ ಇದ್ದ ಜಾಗಕ್ಕೇ ತರುವುದು ಸರಿ. ಅಳಿಸಿದ್ದನ್ನು ತಕ್ಷಣ ಕಸದ ಬುಟ್ಟಿಗೆ ಹಾಕಿ ಉಳಿಸಿಕೊಳ್ಳಬೇಕು. ಟೈಮರ್‌ ಮುಗಿದ ಮೇಲೆ ಅಳಿಸೋಣವೆಂದು ಕಾದರೆ, ಅಷ್ಟರಲ್ಲಿ ಆ್ಯಪ್‌ ಮುಚ್ಚಿದಾಗ ಅಳಿಸಿದ ಮೇಲ್‌ ಮತ್ತೆ ಪ್ರತ್ಯಕ್ಷವಾದೀತು.

ಕಣ್ಣು ಕಾಣದವರು ಟಾಕ್‌ಬ್ಯಾಕ್‌ ಬಳಸುವಾಗ ಅಡ್ಡ ಸ್ವೈಪ್‌ ಮುಂದಿನ ಸಾಲಿಗೆ ಹೋಗಲು ಮೀಸಲು. ಅವರಿಗೆ ಡಿಲೀಟ್‌ ಅನ್ನು ಮೆನುವಿನಲ್ಲಿ ಬೇರೆಯಾಗಿ ಒದಗಿಸಲೇಬೇಕು. ಆಂಡ್ರಾಯ್ಡ್‌ 10ರಿಂದ ಇರುವ ಒಂದು ಸೆಟ್ಟಿಂಗ್‌ನಲ್ಲಿ ಇಂಥ ಪಟ್ಟಿಗಳು ನಿಲ್ಲುವ ಸಮಯವನ್ನು ಎರಡು ನಿಮಿಷದವರೆಗೂ ಹಿಗ್ಗಿಸಿಕೊಳ್ಳಬಹುದು, ಆದರೆ ಆ್ಯಪ್‌ ಅದನ್ನು ಕೇಳಿ ನಡೆದುಕೊಂಡಾಗ ಮಾತ್ರ.