ಐದೇ ನಿಮಿಷದ ಮೇಡಂಗೆ ಬೀಳ್ಕೊಡುಗೆ

ನಮ್ಮ ಮ್ಯಾನೇಜರ್ ಬೇರೆ ಕಂಪನಿಗೆ ಹೊರಟಾಗ, ಟೀಮಿನ ಪರವಾಗಿ ನಾಲ್ಕು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ನೀವೇ ನಮಗೆ ಸ್ಫೂರ್ತಿ, ನಿಮ್ಮ ಮಾರ್ಗದರ್ಶನ ಮರೆಯಲಾರೆವು, ಮುಂದಿನ ದಾರಿ ಸುಗಮವಾಗಲಿ’ ಎಂದು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಪಕ್ಕದ ಸೀಟಿನ ಗೆಳತಿ ಓದಿ ಕೇಳಿದಳು: ‘ಇದನ್ನ ಆಚೆ ಟೀಮಿನ ಮ್ಯಾನೇಜರ್‌ಗೆ ಕೊಟ್ರೂ ಹೊಂದುತ್ತಲ್ವಾ?’ ಹೊಂದುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಬೀಳ್ಕೊಡುಗೆಯ ಬರಹಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಹೆಸರು ಬದಲಿಸಿ ಓದಿ ನೋಡಬೇಕು. ಆಗಲೂ ಸರಿಯಾಗಿಯೇ ಕಂಡರೆ ಹೊರಟವರು ಅದರಲ್ಲಿಲ್ಲ ಎಂದೇ ಅರ್ಥ.

ಮರುದಿನ ನಾವು ಎಂಟೂ ಜನಕ್ಕೆ ಎರಡು ಪ್ರಶ್ನೆ ಹೋದವು. ಮೇಡಂ ಪದೇ ಪದೇ ಆಡುವ ಮಾತು ಯಾವುದು? ಅವರು ನಿಮಗಾಗಿ ಮಾಡಿದ ಒಂದು ಕೆಲಸ ಯಾವುದು? ‘ಮೇಡಂ ಬಗ್ಗೆ ಏನಾದರೂ ಬರೆಯಿರಿ’ ಅಂದಿದ್ದರೆ ಎಲ್ಲರೂ ಹೊಗಳಿಕೆಯನ್ನೇ ಕಳಿಸುತ್ತಿದ್ದರು. ಹೀಗೆ ಕೇಳಿದ್ದಕ್ಕೆ ಘಟನೆಗಳು ಬಂದವು. ಮೊದಲ ಪ್ರಶ್ನೆಗೆ ಆರು ಜನ ಬರೆದದ್ದು ಒಂದೇ ಉತ್ತರ: ‘ಐದೇ ನಿಮಿಷ ಬನ್ನಿ.’

ತಮಾಷೆಗೆ ಅಷ್ಟು ಸಾಕಾಯಿತು. ನಗಿಸುವಾಗ ನಾವು ಒಂದು ಗೆರೆ ಹಾಕಿಕೊಂಡೆವು. ಅಭ್ಯಾಸದ ಬಗ್ಗೆ ನಗಬಹುದು. ರೂಪ, ವಯಸ್ಸು, ಉಚ್ಚಾರಣೆ, ಮನೆಯ ವಿಷಯ ಬೇಡ. ಅವರ ಮಕ್ಕಳ ಮುಂದೆ ಓದಿದರೆ ಮಕ್ಕಳೂ ‘ಹೌದು, ಅಮ್ಮ ಹಾಗೇ’ ಎಂದು ನಗಬೇಕು.

ಒಂದು ತಮಾಷೆಯನ್ನು ಮಾತ್ರ ಹೊಡೆದು ಹಾಕಿದೆ. ‘ಅಲ್ಲಿ ಸೀಟು ಖಾಲಿ ಇದ್ದರೆ ನಮ್ಮನ್ನೂ ಕರೆಸಿಕೊಳ್ಳಿ’ ಎಂದು ಒಬ್ಬ ಪ್ರೀತಿಯಿಂದಲೇ ಬರೆದಿದ್ದ. ಆದರೆ ಹಳೆಯ ಸಹೋದ್ಯೋಗಿಗಳನ್ನು ಇಂತಿಷ್ಟು ಕಾಲ ಸೆಳೆದುಕೊಳ್ಳಬಾರದು ಎಂಬ ಷರತ್ತು ಎಷ್ಟೋ ಉದ್ಯೋಗ ಕರಾರುಗಳಲ್ಲಿರುತ್ತದೆ. ನಮ್ಮ ನಗುವಿನ ಸಾಲು ಅವರಿಗೆ ಪೇಚಿಗಿಟ್ಟುಕೊಳ್ಳಬಾರದು. ಹೊಸ ಕಂಪನಿಯ ಹೆಸರನ್ನೂ ಅವರಾಗಿ ಹೇಳುವ ತನಕ ಬರೆಯಲಿಲ್ಲ, ಗ್ರಾಹಕರ ಹೆಸರಂತೂ ಬರಲೇ ಇಲ್ಲ. ಜೊತೆಗಿಡಲು ಆರಿಸಿದ್ದ ಫೋಟೋದಲ್ಲಿ ಮೇಡಂ ಹಿಂದಿನ ಬಿಳಿ ಬೋರ್ಡಿನ ಮೇಲೆ ಮುಂದಿನ ಯೋಜನೆಯ ಲೆಕ್ಕವೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಬಿಟ್ಟು ಕ್ಯಾಂಟೀನಿನ ಫೋಟೋ ಹಾಕಿದೆವು.

ಎರಡನೆಯ ಪ್ರಶ್ನೆಯ ಉತ್ತರಗಳನ್ನು ಓದುವಾಗ ನನ್ನ ಕಣ್ಣು ತುಂಬಿತು. ಎಂಟನ್ನೂ ಸೇರಿಸಲು ಹೋಗದೆ ಒಂದನ್ನು ಹಿಡಿದೆ. ಎಲ್ಲವನ್ನೂ ಹೇಳಹೊರಟರೆ ಪಟ್ಟಿಯಾಗುತ್ತದೆ, ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ನಗುವನ್ನು ಮೊದಲು ಇಟ್ಟು ಕೃತಜ್ಞತೆಯನ್ನು ಕೊನೆಗೆ ತಂದೆ. ತಿರುವುಮುರುವಾದರೆ ಮನಸ್ಸು ಕರಗುವ ಹೊತ್ತಿಗೆ ಜೋಕು ಬಂದು ಕೆಡಿಸುತ್ತದೆ. ಕೊನೆಗೆ ನಿಂತ ಬರಹ ಇದು:

‘ಮೇಡಂ, ನೀವು “ಐದೇ ನಿಮಿಷ ಬನ್ನಿ” ಅಂದಾಗಲೆಲ್ಲ ನಾವು ನೀರಿನ ಬಾಟ್ಲಿ, ಚಾರ್ಜರ್, ಒಮ್ಮೊಮ್ಮೆ ಊಟದ ಡಬ್ಬಿಯನ್ನೂ ಹಿಡಿದೇ ಬಂದಿದ್ದೇವೆ. ಹೊಸ ಟೀಮಿನವರಿಗೆ ಇದನ್ನು ಯಾರಾದರೂ ಮೊದಲೇ ಹೇಳಲಿ. ಅವರಿಗೆ ಇನ್ನೊಂದು ವಿಷಯವೂ ತಿಳಿದಿರಲಿ. ಆ ಶುಕ್ರವಾರ ರಾತ್ರಿ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನ ಕೈತಪ್ಪಿನಿಂದ ಎಲ್ಲ ನಿಂತುಹೋದಾಗ, ನೀವು ಎರಡು ಗಂಟೆಯವರೆಗೆ ಫೋನಿನಲ್ಲೇ ಕೂತಿದ್ದಿರಿ. ಬೆಳಿಗ್ಗೆ ಗ್ರಾಹಕರಿಗೆ “ಪರಿಶೀಲಿಸಬೇಕಿದ್ದವಳು ನಾನು” ಎಂದಿರಿ, ಅವನ ಹೆಸರು ಹೇಳಲಿಲ್ಲ. ಈ ಸಾಲುಗಳನ್ನು ಟೈಪ್ ಮಾಡಿದ್ದು ಅವನೇ. ಹೋಗಿ ಬನ್ನಿ ಮೇಡಂ. ಐದೇ ನಿಮಿಷ ಸಿಗೋಣ ಅಂತ ಕರೆಯಿರಿ, ಅರ್ಧ ದಿನ ರಜೆ ಹಾಕಿ ಬರುತ್ತೇವೆ.’

ಕೊನೆಯ ದಿನ ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿದ ಮೇಲೆ ಆಫೀಸಿನ ಮೇಲ್ ಸಾಮಾನ್ಯವಾಗಿ ಅಂದೇ ಮುಚ್ಚಿಹೋಗುತ್ತದೆ. ಅಲ್ಲಿಗಷ್ಟೇ ಕಳಿಸಿದ್ದರೆ ಬರಹವೂ ಅದರೊಳಗೇ ಉಳಿಯುತ್ತಿತ್ತು. ಹಾಗಾಗಿ ಹಾಳೆಯಲ್ಲಿ ಮುದ್ರಿಸಿ, ಎಂಟೂ ಜನ ಸಹಿ ಹಾಕಿ ಕೈಗೆ ಕೊಟ್ಟೆವು. ಮೇಡಂ ನಿಂತಲ್ಲೇ ಓದಿದರು. ಡಬ್ಬಿಯ ಸಾಲಿಗೆ ಜೋರಾಗಿ ನಕ್ಕರು, ‘ಟೈಪ್ ಮಾಡಿದ್ದು ಅವನೇ’ ಎಂಬಲ್ಲಿ ತಲೆಯೆತ್ತಿ ಆ ಹುಡುಗನನ್ನು ಹುಡುಕಿದರು.

ನಿಮ್ಮ ಆಫೀಸಿನಲ್ಲೂ ಯಾರಾದರೂ ನೋಟಿಸ್ ಕೊಟ್ಟು ದಿನ ಎಣಿಸುತ್ತಿದ್ದರೆ, ಆ ಎರಡು ಪ್ರಶ್ನೆಗಳನ್ನು ಎರಡು ವಾರ ಮೊದಲೇ ಕಳಿಸಿ. ಕೊನೆಯ ದಿನ ಕೇಕ್ ತರಿಸುವ ಗಡಿಬಿಡಿಯಲ್ಲಿ ಯಾರಿಗೂ ಏನೂ ನೆನಪಾಗುವುದಿಲ್ಲ.