ಹಬ್ಬಕ್ಕೆ ಏಳು ದಿನ, ಬಾಕಿ ಉಳಿದದ್ದೇನು?

ಗಣೇಶನ ಹಬ್ಬಕ್ಕೆ ಒಂದು ವಾರ ಇರುವಾಗ ನಮ್ಮ ಬಡಾವಣೆಯ ಸ್ವಯಂಸೇವಕರಿಗೆ ಸಂಚಾಲಕಿಯಿಂದ ಒಂದು ಸಂದೇಶ ಬರುತ್ತದೆ. ಮುಗಿದ ಕೆಲಸಗಳಿಗೆ ಅದರಲ್ಲಿ ಒಂದೇ ಸಾಲು. ಉಳಿದದ್ದೆಲ್ಲ ಬಾಕಿ ಕೆಲಸಗಳೇ.

ಮೊದಲ ವರ್ಷದ ಸಂದೇಶದಲ್ಲಿ "ಪೆಂಡಾಲಿಗೆ ಕರೆಂಟ್: ಹೇಳಿದ್ದೇವೆ" ಎಂದಿತ್ತು. ಓದಿದವರೆಲ್ಲ ಆ ಕೆಲಸ ಮುಗಿಯಿತೆಂದುಕೊಂಡರು. ಆದರೆ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಬೇಕಾದರೆ ಎಷ್ಟು ಲೋಡ್ ಎಂದು ಬರೆಯಬೇಕು, ಅದು ಯಾರಿಗೂ ಗೊತ್ತಿರಲಿಲ್ಲ. ಕೂತು ಲೆಕ್ಕ ಹಾಕಿದೆವು: ಆಂಪ್ಲಿಫೈಯರ್‌ಗೆ 1000 ವ್ಯಾಟ್, ನಾಲ್ಕು ಫ್ಲಡ್‌ಲೈಟಿಗೆ 400, ಸೀರಿಯಲ್ ಸೆಟ್‌ಗಳಿಗೆ 300. ಒಟ್ಟು 1700. ಅಷ್ಟರಲ್ಲಿ ಅಡುಗೆಯವರು, "ನಮ್ಮ ಗ್ರೈಂಡರ್ ಎಲ್ಲಿಗೆ ಹಾಕೋದು ಸಾರ್?" ಎಂದರು. ಇನ್ನೊಂದು 750 ಸೇರಿತು. ಆ ಮಾತು ಬರದಿದ್ದರೆ ಚಟ್ನಿ ರುಬ್ಬುವ ಹೊತ್ತಿಗೆ ಟ್ರಿಪ್ ಆಗಿ ದೀಪವೂ ಮೈಕೂ ಒಟ್ಟಿಗೆ ನಿಲ್ಲುವ ಸಾಧ್ಯತೆ ಇತ್ತು.

ಅಂದಿನಿಂದ ಆಕೆ "ಹೇಳಿದ್ದೇವೆ", "ನೋಡ್ತಿದ್ದೇವೆ" ಎಂದು ಬರೆಯುವುದಿಲ್ಲ. ಈಗಿನ ಸಾಲು ಹೀಗಿರುತ್ತದೆ: "ಕರೆಂಟ್: 2450 ವ್ಯಾಟ್. ಪೊಲೀಸ್ ಅನುಮತಿ ಪತ್ರದ ಪ್ರತಿ ಬರಬೇಕು, ಅದಕ್ಕೇ ನಿಂತಿದೆ. ತರುವವರು ಮೂರನೇ ಕ್ರಾಸಿನ ಅಣ್ಣ, ಬುಧವಾರ ಸಂಜೆಯೊಳಗೆ." ಕೆಲಸ ಎಲ್ಲಿ ನಿಂತಿದೆ, ಯಾರ ಕೈಯಲ್ಲಿದೆ, ಯಾವಾಗಿನವರೆಗೆ ಕಾಯಬಹುದು ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಅನುಮತಿಯ ಸಾಲನ್ನು ಆಕೆ ಯಾವಾಗಲೂ ಮೇಲಿಡುತ್ತಾರೆ. ಹೂವು, ಬಾಳೆಕಂಬ ಹಿಂದಿನ ಸಂಜೆ ಮಾರುಕಟ್ಟೆಗೆ ಹೋದರೂ ಸಿಗುತ್ತವೆ. ರಜೆಯ ದಿನ ಕಚೇರಿ ಮುಚ್ಚಿದ್ದರೆ ಸಹಿ ಮಾತ್ರ ಸಿಗುವುದಿಲ್ಲ.