60 ಸಾವಿರ ದೊಡ್ಡದೋ, 50 ಸಾವಿರ ದೊಡ್ಡದೋ?

ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆಗಿರುವ ಒಬ್ಬರಿಗೆ ಎರಡು ಕಡೆ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಕೈಗೆ ಬರುವುದು ಬೆಂಗಳೂರಿನಲ್ಲಿ 60,000 ರೂಪಾಯಿ, ಮೈಸೂರಿನಲ್ಲಿ 50,000.

ಮೈಸೂರು ಇಷ್ಟು ಪರ್ಸೆಂಟ್ ಅಗ್ಗ ಅಂತ ಇಡೀ ಸಂಬಳಕ್ಕೆ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಸಾಲದ ಕಂತು, ಜೀವ ವಿಮೆ, ಮೊಬೈಲ್ ರೀಚಾರ್ಜ್ ಯಾವ ಊರಲ್ಲೂ ಅಷ್ಟೇ. ದೊಡ್ಡ ವ್ಯತ್ಯಾಸ ಬರುವುದು ಮನೆ ಬಾಡಿಗೆಯಲ್ಲಿ. ಕೇಂದ್ರ ಸರ್ಕಾರಿ ನೌಕರರಿಗೂ ಮೂಲ ವೇತನ ಎರಡೂ ಊರಲ್ಲಿ ಒಂದೇ. ಆದರೆ ಮನೆ ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಮೂಲ ವೇತನದ ಶೇ. 30, ಮೈಸೂರಿನಲ್ಲಿ ಶೇ. 20.

ಈಗ ಲೆಕ್ಕ ನೋಡಿ. ಬಾಡಿಗೆ, ಓಡಾಟ ಸೇರಿ ಬೆಂಗಳೂರಿನಲ್ಲಿ 23,000, ಮೈಸೂರಿನಲ್ಲಿ 12,000 ಎಂದುಕೊಳ್ಳೋಣ. ಕಳೆದರೆ ಉಳಿಯುವುದು 37,000 ಮತ್ತು 38,000. ಹತ್ತು ಸಾವಿರ ಕಡಿಮೆ ಸಂಬಳದ ಮೈಸೂರೇ ಮುಂದೆ!

ಅದೇ ವ್ಯಕ್ತಿಗೆ ರಾಜಾಜಿನಗರದಲ್ಲಿ ಅಪ್ಪ-ಅಮ್ಮನ ಸ್ವಂತ ಮನೆ ಇದ್ದರೆ? ಬೆಂಗಳೂರಿನಲ್ಲಿ ಓಡಾಟದ 3,000 ಮಾತ್ರ ಖರ್ಚು, ಉಳಿಯುವುದು 57,000. ಮೈಸೂರಿನ ಕಂಪನಿ 69,000 ಕೊಟ್ಟರಷ್ಟೇ ಸಮ.

ಬಾಡಿಗೆಗೆ ಊರಿನ ಸರಾಸರಿ ಹಿಡಿಯಬೇಡಿ. ಕೆಂಗೇರಿಯ ದರ ಬೇರೆ, ಬಸವೇಶ್ವರನಗರದ ದರ ಬೇರೆ. ಆಫೀಸಿಗೆ ಓಡಾಡಲು ಆಗುವ ಬಡಾವಣೆಯಲ್ಲೇ ಬಾಡಿಗೆ, ಅಡ್ವಾನ್ಸ್ ಎರಡನ್ನೂ ವಿಚಾರಿಸಿ, ಆಮೇಲೆ ಎಚ್‌ಆರ್ ಜೊತೆ ಸಂಬಳ ಮಾತಾಡಿ.